ಕಾಯಕ ಪರಿಚಯ: ಹನಿ ಕಟ್ಟಿದ ತೋಟ

ಭರತ ಹುಣ್ಣಿಮೆಯ ಜಾತ್ರೆಗೆಂದು ಉಚ್ಚಂಗಿದುರ್ಗಕ್ಕೆ ಹೋದವರು ಬೆಟ್ಟದ ಮೆಟ್ಟಿಲು ಹತ್ತಿ ದೇವಿಯ ದರ್ಶನ ಪಡೆದು, ಉಚ್ಚಂಗಿ ಪಾಂಡ್ಯರ ರಾಜಧಾನಿಯಾಗಿದ್ದ ಕೋಟೆಯನ್ನೂ ಅದರೊಳಗಿನ ಹೊಂಡಗಳನ್ನೂ ನೋಡಿ ಇಳಿದು ಬರುವುದು ವಾಡಿಕೆ. ಅಷ್ಟು ಎತ್ತರದ ಬಂಡೆಯ ಮೇಲೆ ಮಳೆಯ ನೀರನ್ನು ಹಿಡಿದಿಟ್ಟ ಹಿರಿಯರ ಜಾಣ್ಮೆಗೆ ಬೆರಗಾಗುವ ನಾವು, ಬೆಟ್ಟದ ಮೇಲಿನಿಂದ ಸುತ್ತ ಕಾಣುವ ಹಸಿರು ತುಂಡುಗಳತ್ತ ಅಷ್ಟಾಗಿ ಗಮನ ಕೊಡುವುದಿಲ್ಲ. ಮೆಕ್ಕೆಜೋಳದ ಬಯಲಿನ ನಡುವೆ ಅಲ್ಲಲ್ಲಿ ಎದ್ದಿರುವ ಆ ಅಡಿಕೆ ತೋಟಗಳೆಲ್ಲ ಕೊಳವೆಬಾವಿಯ ನೀರನ್ನೇ ನಂಬಿದವು. ಅವುಗಳಲ್ಲಿ ಒಂದು ನಮ್ಮ ಬೀಗರದು. ಎರಡು ಎಕರೆಯ ತೋಟ. ಈ ಸಲದ ಲೇಖನ ಆ ತೋಟಕ್ಕೆ ಬಂದ ಒಬ್ಬ ಯುವಕನ ಎರಡು ದಿನದ ಕೆಲಸವನ್ನು ಕುರಿತದ್ದು. ಆತನನ್ನು ಊರವರು ‘ಡ್ರಿಪ್ ರಿಪೇರಿ ಹುಡುಗ’ ಎಂದು ಕರೆಯುತ್ತಾರೆ. ಆ ಕಾಯಕಕ್ಕೆ ಕನ್ನಡದಲ್ಲಿ ಇನ್ನೂ ಒಂದು ಗೌರವದ ಹೆಸರು ಹುಟ್ಟಿಲ್ಲ.

ತೋಟದ ಸ್ಥಿತಿ ಹೀಗಿತ್ತು. ಒಂಬತ್ತು ಅಡಿಗೆ ಒಂದರಂತೆ ನೆಟ್ಟ ಗಿಡಗಳು, ಎಕರೆಗೆ ಸುಮಾರು 540. ಪ್ರತಿ ಗಿಡಕ್ಕೆ ತಾಸಿಗೆ 4 ಲೀಟರು ನೀರು ಬಿಡುವ ಎರಡು ಡ್ರಿಪ್ಪರುಗಳು. ಸಹಾಯಧನದಲ್ಲಿ ಹಾಕಿಸಿದ ಹನಿ ನೀರಾವರಿ. ಮೊದಲ ಎರಡು ವರ್ಷ ಎಲ್ಲವೂ ಸರಿಯಾಗಿತ್ತು. ಮೂರನೆಯ ಬೇಸಿಗೆಯಲ್ಲಿ ತೋಟದ ಕೆಳತುದಿಯ ಗಿಡಗಳ ಗರಿ ಹಳದಿಗೆ ತಿರುಗಿತು. ಬೀಗರು ಮೋಟಾರನ್ನು ಹೆಚ್ಚು ಹೊತ್ತು ಓಡಿಸಿದರು. ಆಗ ಮೇಲ್ತುದಿಯ ಗಿಡಗಳ ಬುಡದಲ್ಲಿ ಕೆಸರು ನಿಂತಿತೇ ಹೊರತು ಕೆಳತುದಿಯ ಹಳದಿ ಹೋಗಲಿಲ್ಲ. ಬಂದು ನೋಡಿದ ನೆಂಟರಿಷ್ಟರೆಲ್ಲರದ್ದೂ ಒಂದೇ ಮಾತು: ಬೋರು ಬತ್ತುತ್ತಿದೆ, ಇನ್ನೊಂದು ಕೊರೆಸಿ. ಬೀಗರು ಪೈಪುಗಳನ್ನು ಕಿತ್ತು ಮೂಲೆಗೆ ಹಾಕಿ, ಸಾಲ ಮಾಡಿ ಎರಡನೆಯ ಬೋರು ಕೊರೆಸಲು ಸಿದ್ಧರಾಗಿದ್ದರು. ಬೀಗಿತಿಯವರ ಬಂಗಾರ ಅಡವಿಡುವ ಮಾತೂ ನಡೆದಿತ್ತು. ಪೈಪು ಜೋಡಿಸಿಕೊಟ್ಟವರಿಗೆ ಎಷ್ಟು ಸಲ ಫೋನು ಮಾಡಿದರೂ ಬರಲಿಲ್ಲವೆಂಬ ಅಸಮಾಧಾನ ಬೇರೆ.

ಬಂದ ಯುವಕ ಹೆಗಲಿನ ಚೀಲವನ್ನು ಇಳಿಸಿದವನೇ ಪೈಪುಗಳ ಕಡೆಗೆ ಹೋಗಲಿಲ್ಲ. “ಯಜಮಾನ್ರೆ, ಮೊದಲು ಬೋರಿನ ನೀರು ಅಳೀತೀನಿ, ಒಂದು ಡ್ರಮ್ಮು ಕೊಡ್ರಿ” ಎಂದ. 200 ಲೀಟರಿನ ಡ್ರಮ್ಮು ಸರಿಯಾಗಿ 2 ನಿಮಿಷಕ್ಕೆ ತುಂಬಿತು. ಅಂದರೆ ತಾಸಿಗೆ 6000 ಲೀಟರು. ಒಂದು ಎಕರೆಯ ಡ್ರಿಪ್ಪರುಗಳೆಲ್ಲ ಸೇರಿ ಕುಡಿಯಬಲ್ಲದ್ದು ತಾಸಿಗೆ ಸುಮಾರು 4300 ಲೀಟರು ಮಾತ್ರ. ತೋಟಕ್ಕೆ ಎರಡು ವಾಲ್ವುಗಳಿದ್ದು ಒಂದು ಸಲಕ್ಕೆ ಒಂದೇ ಎಕರೆಗೆ ನೀರು ಬಿಡುತ್ತಾರೆ. ಹಾಗಾದರೆ ಬೋರಿನಲ್ಲಿ ಕೊರತೆಯಿಲ್ಲ. ಎರಡನೆಯ ಬೋರು ಕೊರೆಸಿದ್ದರೆ ಆ ನೀರೂ ಇದೇ ಪೈಪುಗಳ ಬಾಯಲ್ಲಿ ಸಿಕ್ಕಿಬೀಳುತ್ತಿತ್ತು. ಬೀಗಿತಿಯವರು ಅಷ್ಟು ಹೊತ್ತಿಗೆ ಬಾಗಿಲಿಗೆ ಬಂದು ನಿಂತಿದ್ದರು. ಈ ಲೆಕ್ಕ ಕೇಳಿ ಅವರ ಮುಖದ ಬಿಗುವು ಸ್ವಲ್ಪ ಸಡಿಲವಾದದ್ದನ್ನು ನಾನು ಕಂಡೆ.

ಎರಡನೆಯ ಹೆಜ್ಜೆ ಒತ್ತಡದ್ದು. ಮೋಟಾರಿನ ಪಕ್ಕದಲ್ಲಿ ಮರಳು ತುಂಬಿದ ಫಿಲ್ಟರಿರುತ್ತದೆ. ಅದರ ಮುಂದೊಂದು ಹಿಂದೊಂದು ಒತ್ತಡ ತೋರಿಸುವ ಗಡಿಯಾರದಂಥ ಮೀಟರಿರುತ್ತದೆ. ಹೆಚ್ಚಿನ ತೋಟಗಳಲ್ಲಿ ಈ ಮೀಟರುಗಳು ಮೊದಲ ವರ್ಷವೇ ಕೆಟ್ಟು ಹೋಗಿರುತ್ತವೆ, ಅಥವಾ ಗಾಜಿನೊಳಗೆ ನೀರು ಸೇರಿ ಮುಳ್ಳು ತುಕ್ಕು ಹಿಡಿದಿರುತ್ತದೆ. ಆದ್ದರಿಂದ ಬಲ್ಲ ದುರಸ್ತಿಗಾರ ತನ್ನದೇ ಮೀಟರನ್ನು ಚೀಲದಲ್ಲಿ ತರುತ್ತಾನೆ. ಈತ ಅಳೆದಾಗ ಫಿಲ್ಟರಿಗೆ ಮೊದಲು 1.6 ಕಿಲೋ, ಫಿಲ್ಟರು ದಾಟಿದ ಮೇಲೆ 1.1 ಕಿಲೋ ಇತ್ತು. ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂಬ ಲೆಕ್ಕ ಅದು. ಫಿಲ್ಟರು ಶುಚಿಯಾಗಿದ್ದರೆ ಈ ಎರಡರ ಅಂತರ 0.2, 0.3ರ ಆಸುಪಾಸಿನಲ್ಲಿರಬೇಕು, ಅರ್ಧ ಕಿಲೋ ಮುಟ್ಟಿತೆಂದರೆ ಮರಳು ಕೊಳೆ ತುಂಬಿಕೊಂಡಿದೆಯೆಂದು ಅರ್ಥ. ವಾಲ್ವುಗಳನ್ನು ಅದಲುಬದಲು ಮಾಡಿ ನೀರನ್ನು ಫಿಲ್ಟರಿನ ಕೆಳಗಿನಿಂದ ಮೇಲಕ್ಕೆ ಹರಿಸಿದಾಗ ಮೊದಲು ಕಾಫಿಯ ಬಣ್ಣದ ನೀರು ಬಂತು, ಏಳೆಂಟು ನಿಮಿಷಕ್ಕೆ ತಿಳಿಯಾಯಿತು. ಅನಂತರ ಅಳೆದರೆ 1.5 ಮತ್ತು 1.3. ತೋಟದ ಕೆಳತುದಿಯ ಕವಲು ಪೈಪಿನಲ್ಲೂ 1 ಕಿಲೋ ಒತ್ತಡ ಸಿಕ್ಕಿತು. ಡ್ರಿಪ್ಪರಿಗೆ ಬೇಕಾದದ್ದು ಅಷ್ಟೇ. ನೀರಿದೆ, ಒತ್ತಡವೂ ಇದೆ. ಆದರೂ ಗಿಡಕ್ಕೆ ಹನಿ ಬೀಳುತ್ತಿಲ್ಲವೆಂದರೆ ಅಡಚಣೆ ಡ್ರಿಪ್ಪರಿನ ಒಳಗೇ ಇರಬೇಕು.

ಇಲ್ಲಿ ಡ್ರಿಪ್ಪರಿನ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಇಸ್ರೇಲಿನ ಜಲತಜ್ಞ ಸಿಂಖಾ ಬ್ಲಾಸ್ ರೂಪಿಸಿದ ಡ್ರಿಪ್ಪರನ್ನು ಹತ್ಸೆರಿಮ್ ಎಂಬ ಸಾಮೂಹಿಕ ಕೃಷಿ ಗ್ರಾಮದವರು 1965ರಲ್ಲಿ ನೆಟಾಫಿಮ್ ಎಂಬ ಹೆಸರಿನಲ್ಲಿ ತಯಾರಿಸಲು ಮುಂದಾದರು. ಪೈಪಿಗೆ ಸೂಜಿಯಿಂದ ಚುಚ್ಚಿದಂಥ ಸಣ್ಣ ತೂತು ಮಾಡಿದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಅದರ ಬದಲು ನೀರನ್ನು ಸ್ವಲ್ಪ ಅಗಲವಾದ ಉದ್ದನೆಯ ಸುತ್ತುದಾರಿಯಲ್ಲಿ ಓಡಿಸಿ ಅದರ ಜೋರನ್ನು ತಗ್ಗಿಸುವುದೇ ಬ್ಲಾಸ್ ಹಿಡಿದ ಉಪಾಯ. ಆದರೂ ಆ ದಾರಿಯ ಅಗಲ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ನಮ್ಮ ಸೀಮೆಯ ಗಡುಸು ನೀರು ಅಂಥ ದಾರಿಯಲ್ಲಿ ದಿನವೂ ನಡೆದಾಡಿದರೆ ಏನಾಗುತ್ತದೆ ಎಂಬುದನ್ನು ಮನೆಯ ನೀರು ಕಾಯಿಸುವ ಹಂಡೆಯ ತಳ ನೋಡಿದ ಗೃಹಿಣಿಯರಿಗೆ ಹೇಳಬೇಕಾಗಿಲ್ಲ.

ತೋಟದ ರೋಗವನ್ನು ಅಂಕಿಯಲ್ಲಿ ಹಿಡಿಯುವುದು ಮೂರನೆಯ ಹೆಜ್ಜೆ. ನನ್ನ ಎಣಿಕೆಯಲ್ಲಿ ಕಸುಬುದಾರನನ್ನೂ ಬರಿಯ ಪೈಪು ಜೋಡಿಸುವವನನ್ನೂ ಬೇರೆ ಮಾಡಿ ತೋರಿಸುವುದು ಇದೇ. ಯುವಕ ಒಂದು ಎಕರೆಯಲ್ಲಿ ನಾಲ್ಕು ಸಾಲುಗಳನ್ನು ಆರಿಸಿಕೊಂಡ: ಮೊದಲನೆಯದು, ಕೊನೆಯದು, ನಡುವೆ ಎರಡು. ಪ್ರತಿ ಸಾಲಿನಲ್ಲಿಯೂ ಅದೇ ಕ್ರಮದಲ್ಲಿ ನಾಲ್ಕು ಡ್ರಿಪ್ಪರು. ಒಟ್ಟು ಹದಿನಾರು. ಪ್ರತಿಯೊಂದರ ಕೆಳಗೆ ಲೋಟವಿಟ್ಟು 3 ನಿಮಿಷ ನೀರು ಹಿಡಿದು ಅಳತೆಯ ಜಾಡಿಗೆ ಸುರಿದು ಬರೆದುಕೊಂಡ. 3 ನಿಮಿಷವೇ ಏಕೆ? ತಾಸಿಗೆ 4 ಲೀಟರು ಬಿಡುವ ಡ್ರಿಪ್ಪರು 3 ನಿಮಿಷಕ್ಕೆ ಸರಿಯಾಗಿ 200 ಮಿಲಿಲೀಟರು ಕೊಡಬೇಕು, ಲೆಕ್ಕ ಸುಲಭ. ಮೊದಲ ಸಾಲಿನ ಮೊದಲ ಡ್ರಿಪ್ಪರು 195 ಕೊಟ್ಟಿತು. ಕೊನೆಯ ಸಾಲಿನ ಕೊನೆಯದು ಕೊಟ್ಟದ್ದು 60. ಹದಿನಾರರ ಸರಾಸರಿ ಸುಮಾರು 159. ಅತಿ ಕಡಿಮೆ ಕೊಟ್ಟ ನಾಲ್ಕು 60, 100, 120, 130. ಅವುಗಳ ಸರಾಸರಿ 102. ಈ 102ನ್ನು 159ಕ್ಕೆ ಹೋಲಿಸಿದರೆ ನೂರಕ್ಕೆ 64 ಆಗುತ್ತದೆ. 90ಕ್ಕೆ ಮೇಲಿದ್ದರೆ ಉತ್ತಮ, 80ರವರೆಗೆ ನಡೆಯುತ್ತದೆ, 70ಕ್ಕಿಂತ ಕೆಳಗಿಳಿದರೆ ತೋಟದಲ್ಲಿ ಕೆಲವು ಗಿಡ ಉಪವಾಸ, ಕೆಲವಕ್ಕೆ ಅಜೀರ್ಣ.

ಈ ಅಂಕಿಯನ್ನು ಗಿಡದ ಮಟ್ಟಕ್ಕೆ ಇಳಿಸಿ ನೋಡೋಣ. ಬೇಸಿಗೆಯಲ್ಲಿ ಅಡಿಕೆ ಗಿಡಕ್ಕೆ ದಿನಕ್ಕೆ 20 ಲೀಟರು ಬೇಕೆಂದಿಟ್ಟುಕೊಂಡರೆ, ಎರಡು ಡ್ರಿಪ್ಪರುಗಳು ಸೇರಿ ತಾಸಿಗೆ 8 ಲೀಟರಿನಂತೆ ಎರಡೂವರೆ ತಾಸು ಓಡಿಸಿದರೆ ಸಾಕು. ಮೇಲ್ತುದಿಯ ಗಿಡಕ್ಕೆ ಅಷ್ಟೂ ಸಿಗುತ್ತಿತ್ತು. ಕೆಳತುದಿಯ ಗಿಡಕ್ಕೆ ಅದೇ ಹೊತ್ತಿನಲ್ಲಿ ದೊರೆಯುತ್ತಿದ್ದದ್ದು 6 ಲೀಟರು. ಅದಕ್ಕೂ 20 ಲೀಟರು ಮುಟ್ಟಿಸಬೇಕಾದರೆ ಒಂದು ಎಕರೆಗೇ ಎಂಟು ತಾಸಿಗಿಂತ ಹೆಚ್ಚು ಮೋಟಾರು ಓಡಬೇಕು. ಹೊಲಕ್ಕೆ ಬರುವ ತ್ರೀಫೇಸ್ ವಿದ್ಯುತ್ತು ಏಳು ತಾಸು ಇದ್ದರೆ ಅದೇ ಹೆಚ್ಚು. ಬೀಗರು ಮೋಟಾರನ್ನು ಎಷ್ಟು ಓಡಿಸಿದರೂ ಫಲ ಸಿಗದೆ ಹೋದದ್ದು ಇದೇ ಕಾರಣಕ್ಕೆ.

ಅಡಚಣೆ ಯಾವುದರಿಂದ ಎಂಬುದು ಮುಂದಿನ ಪ್ರಶ್ನೆ. ಮದ್ದು ಅದನ್ನೇ ಅವಲಂಬಿಸಿರುತ್ತದೆ. ಯುವಕ ಕೆಟ್ಟ ಡ್ರಿಪ್ಪರೊಂದನ್ನು ಕಿತ್ತು ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದ. ಒಳಗೆ ಬೆಳ್ಳಗಿನ ಗಟ್ಟಿ ಹೊರೆ. ಅದರ ಮೇಲೆ ಒಂದು ತೊಟ್ಟು ಆಸಿಡ್ ಬಿಟ್ಟಾಗ ಬುಸ್ಸೆಂದು ನೊರೆಯೆದ್ದಿತು. ಅದು ಸುಣ್ಣದ ಗುರುತು. ಒಳಗೆ ಜಾರುವ ಕಂದು ಲೋಳೆಯಿದ್ದಿದ್ದರೆ ಅದು ಪಾಚಿ ಅಥವಾ ಸೂಕ್ಷ್ಮಜೀವಿಗಳ ಕೆಲಸ. ಅದಕ್ಕೆ ಬ್ಲೀಚಿಂಗ್ ಪುಡಿಯ ನೀರು ಮದ್ದು. ಕೆರೆಯಿಂದಲೋ ತೆರೆದ ಬಾವಿಯಿಂದಲೋ ನೀರೆತ್ತುವವರಿಗೆ ಈ ತೊಂದರೆ ಹೆಚ್ಚು. ಬರಿಯ ಮರಳು ಸಿಕ್ಕಿದ್ದರೆ ಫಿಲ್ಟರಿನ ಜಾಲರಿ ಹರಿದಿದೆಯೆಂದು ತಿಳಿದು ಅಲ್ಲಿಗೇ ಹಿಂತಿರುಗಬೇಕು.

ಸುಣ್ಣ ಪೈಪಿನೊಳಗೆ ಹೇಗೆ ಬರುತ್ತದೆ? ಆಳದ ಕಲ್ಲಿನ ನಡುವೆ ಇರುವ ನೀರು ಸುಣ್ಣವನ್ನು ಕರಗಿಸಿಕೊಂಡೇ ಇರುತ್ತದೆ. ನೆಲದಾಳದ ಒತ್ತಡದಲ್ಲಿ ನೀರಿನೊಳಗಿರುವ ಇಂಗಾಲದ ಡೈಆಕ್ಸೈಡ್ ಅದನ್ನು ಕರಗಿದ ಸ್ಥಿತಿಯಲ್ಲಿ ಇಟ್ಟಿರುತ್ತದೆ. ಮೇಲೆ ಬಂದು ಬಿಸಿಲಿಗೆ ಕಾದಾಗ ಆ ಅನಿಲ ಹಾರಿ ಹೋಗಿ ಸುಣ್ಣ ಕೂರುತ್ತದೆ. ಮೋಟಾರು ನಿಂತ ಮೇಲೆ ಕಪ್ಪು ಪೈಪಿನಲ್ಲಿ ಉಳಿದ ನೀರು ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ, ಡ್ರಿಪ್ಪರಿನ ಬಾಯಲ್ಲಿ ನಿಂತ ಹನಿ ಆರುತ್ತದೆ. ದಿನಕ್ಕೊಂದು ಪದರ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಕಚೇರಿ ಎಷ್ಟು ಸಲ ಬದಲಾದರೂ ಬೋರಿನ ನೀರಿನ ಗಡುಸು ಮಾತ್ರ ಇದ್ದಲ್ಲೇ ಇದೆ! ಸಾಲಿನ ಕೊನೆಯಲ್ಲಿಯೇ ಕೆಡುಕು ಹೆಚ್ಚಾಗಲು ಇನ್ನೊಂದು ಕಾರಣವಿದೆ. ಪ್ರತಿ ಗಿಡಕ್ಕೂ ಪಾಲು ಕೊಡುತ್ತ ಸಾಗುವ ನೀರು ತುದಿಗೆ ಬರುವಷ್ಟರಲ್ಲಿ ಬಲು ನಿಧಾನವಾಗಿರುತ್ತದೆ. ಹಿಂದಿನಿಂದ ತಳ್ಳಿಕೊಂಡು ಬಂದ ಮಣ್ಣು, ಸುಣ್ಣದ ಚೂರು ಎಲ್ಲ ಅಲ್ಲಿಯೇ ತಂಗುತ್ತದೆ.

ಗೊಬ್ಬರದ ವಿಷಯವನ್ನೂ ಆತ ಕೇಳಿದ. ಬೀಗರು ಡಿಎಪಿಯನ್ನು ಬಕೆಟ್ಟಿನಲ್ಲಿ ಕದಡಿ ಡ್ರಿಪ್ಪಿನಲ್ಲಿ ಬಿಡುತ್ತಿದ್ದರಂತೆ. ಗಡುಸು ನೀರಿಗೆ ರಂಜಕದ ಗೊಬ್ಬರ ಬಿದ್ದರೆ ಅದು ನೀರಿನ ಸುಣ್ಣದೊಡನೆ ಸೇರಿ ಕರಗದ ಹಿಟ್ಟಾಗುತ್ತದೆ. ಪೂರ್ತಿ ಕರಗುವ ಗೊಬ್ಬರಗಳಲ್ಲಿಯೂ ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕದ ಅಥವಾ ಗಂಧಕದ ಗೊಬ್ಬರದೊಡನೆ ಒಂದೇ ಡಬ್ಬಿಯಲ್ಲಿ ಬೆರೆಸಬಾರದು. ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ತೋಟದ ನೀರು, ಗೊಬ್ಬರ ಎರಡನ್ನೂ ಬೆರೆಸಿ ಒಂದು ತಾಸು ಇಟ್ಟು ನೋಡಬೇಕು. ಲೋಟದಲ್ಲಿ ಮೋಡ ಕಟ್ಟಿದರೆ ಅದು ಪೈಪಿನಲ್ಲಿಯೂ ಕಟ್ಟುತ್ತದೆ.

ಆಮೇಲೆ ಆಸಿಡ್ ಕೊಡುವ ಕೆಲಸ. ಅಂಗಡಿಯಲ್ಲಿ ದೊರೆಯುವ ಹೈಡ್ರೋಕ್ಲೋರಿಕ್ ಆಮ್ಲ ನೂರಕ್ಕೆ 33ರ ಆಸುಪಾಸಿನ ತೀಕ್ಷ್ಣತೆಯದು. ಎಷ್ಟು ಹಾಕಬೇಕೆಂಬುದನ್ನು ಊಹೆಯಿಂದ ಹೇಳಲಾಗದು; ಅದನ್ನು ನೀರೇ ಹೇಳಬೇಕು. ಯುವಕ ಬೋರಿನ 10 ಲೀಟರು ನೀರನ್ನು ಬಕೆಟ್ಟಿಗೆ ಹಿಡಿದು, ಒಂದೊಂದೇ ಮಿಲಿಲೀಟರು ಆಸಿಡ್ ಹಾಕಿ ಕೋಲಿನಿಂದ ಕಲಕಿ, ಬಣ್ಣ ಬದಲಿಸುವ ಪಿಎಚ್ ಕಾಗದ ಅದ್ದಿ ನೋಡುತ್ತ ಹೋದ. ಏಳನೆಯ ಮಿಲಿಲೀಟರಿಗೆ ಕಾಗದ 4ರ ಬಣ್ಣಕ್ಕೆ ತಿರುಗಿತು. ಸುಣ್ಣ ಕರಗಲು ಆ ಹುಳಿ ಸಾಕು. ಒಂದು ಎಕರೆಗೆ ಅರ್ಧ ತಾಸಿನಲ್ಲಿ ಹರಿಯುವ ನೀರು ಸುಮಾರು 2150 ಲೀಟರು. 10 ಲೀಟರಿಗೆ 7 ಮಿಲಿಲೀಟರಿನಂತೆ ಅದಕ್ಕೆ ಬೇಕಾದ ಆಸಿಡ್ ಒಂದೂವರೆ ಲೀಟರು. ಹದಿಮೂರೂವರೆ ಲೀಟರು ನೀರಿರುವ ಪ್ಲಾಸ್ಟಿಕ್ ಕ್ಯಾನಿಗೆ ಆ ಒಂದೂವರೆ ಲೀಟರನ್ನು ನಿಧಾನವಾಗಿ ಸುರಿದು, ಗೊಬ್ಬರ ಎಳೆಯುವ ವೆಂಚುರಿಯ ನಳಿಕೆಯನ್ನು ಅದರಲ್ಲಿ ಇಳಿಸಿ, ಅರ್ಧ ತಾಸಿಗೆ ಕ್ಯಾನು ಬರಿದಾಗುವಂತೆ ವಾಲ್ವನ್ನು ಹೊಂದಿಸಿದ. ಇಪ್ಪತ್ತು ನಿಮಿಷ ಕಳೆದ ಮೇಲೆ ಕೊನೆಯ ಸಾಲಿನ ತುದಿಗೆ ಹೋಗಿ ಕಾಗದ ಅದ್ದಿ ನೋಡುತ್ತ ಕುಳಿತ. ಅಲ್ಲಿಯೂ 4ರ ಬಣ್ಣ ಬಂದು ಸ್ವಲ್ಪ ಹೊತ್ತು ನಿಂತ ಮೇಲೆಯೇ ಮೋಟಾರು ನಿಲ್ಲಿಸಿದ್ದು. ಆಸಿಡ್ ಎಲ್ಲಿಯವರೆಗೆ ಮುಟ್ಟಿತೆಂಬುದನ್ನು ನೋಡದೆ ಕ್ಯಾನು ಬರಿದಾಯಿತೆಂದು ಮನೆಗೆ ಹೋಗುವವರೂ ಉಂಟು. ಅಂಥವರ ಕೆಲಸದಿಂದ ಮೊದಲೇ ಚೆನ್ನಾಗಿದ್ದ ಮೇಲ್ತುದಿಯಷ್ಟೇ ತೊಳೆದಂತಾಗುತ್ತದೆ.

ಈ ಕೆಲಸವನ್ನು ಮನೆಯ ಮಕ್ಕಳಿಂದ ಮಾಡಿಸುವಂತಿಲ್ಲ. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಹಾಕಬಾರದು. ಹಾಕಿದರೆ ಸಿಡಿದು ಕಣ್ಣಿಗೆ ಬೀಳುತ್ತದೆ. ರಬ್ಬರಿನ ಕೈಚೀಲ, ಕನ್ನಡಕ ಬೇಕು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಪಕ್ಕದಲ್ಲಿ ಒಳ್ಳೆಯ ನೀರಿನ ಬಕೆಟ್ಟಿರಬೇಕು. ಆಸಿಡನ್ನೂ ಬ್ಲೀಚಿಂಗ್ ಪುಡಿಯನ್ನೂ ಯಾವ ಕಾರಣಕ್ಕೂ ಕೂಡಿಸಬಾರದು. ಅವೆರಡೂ ಸೇರಿದರೆ ಏಳುವ ಕ್ಲೋರಿನ್ ಅನಿಲ ಪುಪ್ಪುಸವನ್ನು ಸುಡುತ್ತದೆ. ಎರಡೂ ಚಿಕಿತ್ಸೆ ಬೇಕಾದ ತೋಟದಲ್ಲಿ ಒಂದನ್ನು ಮುಗಿಸಿ, ಪೈಪನ್ನು ಪೂರ್ತಿ ತೊಳೆದು, ಬೇರೆ ದಿನ ಇನ್ನೊಂದನ್ನು ಮಾಡುತ್ತಾರೆ. ಕಬ್ಬಿಣದ ಫಿಲ್ಟರನ್ನು ಆಸಿಡ್ ತಿನ್ನುವುದರಿಂದ ಫಿಲ್ಟರು ದಾಟಿದ ಮೇಲೆಯೇ ಅದನ್ನು ಸೇರಿಸಬೇಕು. ಬೋರಿನ ಬಾಯಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವು ಸರಿಯಾಗಿದೆಯೇ ಎಂದು ಯುವಕ ಎರಡು ಸಲ ನೋಡಿದ. ಕರೆಂಟು ಹೋದಾಗ ಆಸಿಡ್ ಬೋರಿಗಿಳಿದರೆ ಅದೇ ನೀರನ್ನು ಮನೆಯವರು ಕುಡಿಯಬೇಕಾಗುತ್ತದೆ.

24 ತಾಸು ಪೈಪಿನಲ್ಲಿಯೇ ಬಿಟ್ಟು ಮರುದಿನ ತೊಳೆಯುವ ಕೆಲಸ. ಮೊದಲು ಕವಲು ಪೈಪಿನ ತುದಿಯ ವಾಲ್ವು ತೆರೆದು ನೀರು ತಿಳಿಯಾಗುವವರೆಗೆ ಬಿಟ್ಟ. ಅನಂತರ ಸಾಲುಗಳ ತುದಿಯ ಮಡಿಕೆಗಳನ್ನು ಐದೈದಾಗಿ ಬಿಚ್ಚಿದ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ನೀರಿನ ಜೋರು ಹಂಚಿ ಹೋಗಿ ಕೊಳೆ ಅಲ್ಲೇ ಉಳಿಯುತ್ತದೆ. ಕೆಳಸಾಲುಗಳಿಂದ ಹಾಲಿನಂಥ ನೀರೂ ಅದರೊಡನೆ ಮೊಟ್ಟೆಯ ಚಿಪ್ಪಿನಂಥ ಚೂರುಗಳೂ ಬಂದವು. ಬೀಗಿತಿಯವರು ಅವನ್ನು ಅಂಗೈಯಲ್ಲಿ ಹಿಡಿದು “ಇದಕ್ಕೇನು ತಮ್ಮಾ ನನ್ನ ಸರ ಹೋಗಬೇಕಿತ್ತು?” ಎಂದರು. “ಹೌದ್ರೀ ಅವ್ವಾರೆ” ಎಂದವನು ನಗಲೂ ಇಲ್ಲ, ಕೆಲಸ ನಿಲ್ಲಿಸಲೂ ಇಲ್ಲ.

ಮತ್ತೆ ಅದೇ ಹದಿನಾರು ಲೋಟ, ಅದೇ 3 ನಿಮಿಷ. ಚಿಕಿತ್ಸೆಗೂ ಜಗ್ಗದ ಡ್ರಿಪ್ಪರುಗಳು ಹದಿನಾಲ್ಕು ಉಳಿದಿದ್ದವು. ಅವನ್ನು ಕಿತ್ತು ಹೊಸದು ಹಾಕಿದ. ಇವು ಪೈಪಿನ ಮೇಲೆ ಚುಚ್ಚುವ ಬಗೆಯ ಡ್ರಿಪ್ಪರುಗಳಾದ್ದರಿಂದ ಅದು ಸಾಧ್ಯವಾಯಿತು. ಪೈಪಿನೊಳಗೇ ಕೂತ ಬಗೆಯದಾಗಿದ್ದರೆ ಪೈಪಿನ ತುಂಡನ್ನೇ ಬದಲಿಸಬೇಕಾಗುತ್ತಿತ್ತು. ಕೊನೆಯ ಅಳತೆಯಲ್ಲಿ ಸರಾಸರಿ 189, ಕಡಿಮೆಯ ನಾಲ್ಕರ ಸರಾಸರಿ 170. ನೂರಕ್ಕೆ 90.

ತುಂತುರು ನೀರಾವರಿಯ ಸ್ಪ್ರಿಂಕ್ಲರುಗಳ ದುರಸ್ತಿಯನ್ನೂ ಇಂಥವರೇ ಮಾಡುತ್ತಾರೆ. ಕೂಡ್ಲಿಗಿ, ಕೊಟ್ಟೂರು ಕಡೆಯ ಶೇಂಗಾ ಹೊಲಗಳಲ್ಲಿ ಆ ಕೆಲಸವೇ ಹೆಚ್ಚು. ಅಲ್ಲಿ ಕಟ್ಟಿಕೊಳ್ಳುವುದಕ್ಕಿಂತ ಸವೆಯುವ ಕಾಟ ಜಾಸ್ತಿ: ಮರಳು ಮಿಶ್ರಿತ ನೀರು ಹಿತ್ತಾಳೆಯ ನಾಜಲಿನ ತೂತನ್ನು ಅಗಲ ಮಾಡುತ್ತದೆ, ಒತ್ತಡ ಬೀಳುತ್ತದೆ, ನೀರು ದೂರಕ್ಕೆ ಹಾರದೆ ಹತ್ತಿರದಲ್ಲಿಯೇ ಬಳೆಯಾಕಾರದಲ್ಲಿ ಬೀಳುತ್ತದೆ. ನಾಜಲಿನ ಮೇಲೆ ಬರೆದ ಅಳತೆಯ ಡ್ರಿಲ್ ಕಡ್ಡಿಯ ಹಿಡಿಯನ್ನು ತೂತಿಗೆ ಇಳಿಸಿ ನೋಡುವುದು ದುರಸ್ತಿಗಾರರ ರೂಢಿ. ಬಿಗಿಯಾಗಿ ಕೂತರೆ ಸರಿ, ಅಲುಗಾಡಿದರೆ ನಾಜಲು ಬದಲಿಸಬೇಕು. ಇನ್ನೊಂದು ಸೋರುವ ಜಾಗ ಪೈಪುಗಳ ಕೂಡಿಕೆಯ ರಬ್ಬರು ಬಳೆ. ಬೆಳೆ ಮುಗಿದ ಮೇಲೆ ಅದನ್ನು ಬಿಚ್ಚಿ ನೆರಳಿನಲ್ಲಿ ಇಡದಿದ್ದರೆ ಮುಂದಿನ ವರ್ಷಕ್ಕೆ ಸೀಳಿರುತ್ತದೆ.

ನಮ್ಮ ಮನೆಗಳ ಹುಡುಗರು ಈ ಕೆಲಸಕ್ಕೆ ಬರುವುದಾದರೆ ಏನು ಬೇಕೆಂದು ಕೆಲವು ಓದುಗರು ಕೇಳಬಹುದು. ಭಾರತೀಯ ಕೃಷಿ ಕೌಶಲ್ಯ ಮಂಡಳಿ ‘ಮೈಕ್ರೋ ಇರಿಗೇಷನ್ ಟೆಕ್ನೀಷಿಯನ್’ ಎಂಬ ಅರ್ಹತೆಯನ್ನು ರೂಪಿಸಿದೆ. ಆದರೆ ನಾನು ಕಂಡ ಯುವಕ ಕಲಿತದ್ದು ಪೈಪು ಜೋಡಿಸುವವರೊಡನೆ ತಗ್ಗು ತೋಡುತ್ತ. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆ 2015ರಲ್ಲಿ ಬಂದ ಮೇಲೆ ಜೋಡಣೆಯ ಕೆಲಸಕ್ಕೆ ಸಹಾಯಧನದ ಆಸರೆ ಚೆನ್ನಾಗಿದೆ. ಆದರೆ ಅಂಥ ಕೆಲಸ ಮಂಜೂರಾತಿಯ ತಿಂಗಳುಗಳಲ್ಲಿ ಗುಂಪಾಗಿ ಬಂದು ಉಳಿದ ತಿಂಗಳು ಇರುವುದಿಲ್ಲ. ದುರಸ್ತಿಯ ಕೆಲಸ ಬೇಸಿಗೆಯುದ್ದಕ್ಕೂ ಇರುತ್ತದೆ, ಆದರೆ ಅದಕ್ಕೆ ರೈತ ತನ್ನ ಕಿಸೆಯಿಂದಲೇ ಕೊಡಬೇಕು. ಹೀಗಾಗಿ ರೈತರು ಗಿಡ ಒಣಗುವವರೆಗೂ ಕರೆಯುವುದಿಲ್ಲ ಎಂಬುದು ಆತನ ಒಂದೇ ದೂರು. ಅದರಲ್ಲಿ ಸತ್ಯವಿದೆ. ಬೀಗರು ಆತನ ಕೂಲಿಯನ್ನು ಚೌಕಾಸಿ ಮಾಡಲು ಹೊರಟಾಗ ನಾನು ನಡುವೆ ಬಾಯಿ ಹಾಕಿದೆ, ನೆಂಟಸ್ತಿಕೆಯ ಮರ್ಯಾದೆ ಮೀರಿದರೂ ಚಿಂತೆಯಿಲ್ಲವೆಂದು.

ಹೋಗುವ ಮುನ್ನ ಆತ ಮೋಟಾರು ಮನೆಯ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ನಾಲ್ಕು ಸಾಲು ಬರೆದ. ಹದಿನೈದು ದಿನಕ್ಕೊಮ್ಮೆ ಸಾಲಿನ ತುದಿ ಬಿಚ್ಚಿ ತೊಳೆಯುವುದು. ಮೀಟರಿನ ಅಂತರ ಅರ್ಧ ಕಿಲೋ ಆದ ದಿನ ಫಿಲ್ಟರು ತೊಳೆಯುವುದು. ಗೊಬ್ಬರ ಬಿಟ್ಟ ಮೇಲೆ ಇಪ್ಪತ್ತು ನಿಮಿಷ ಬರಿಯ ನೀರು. ಮೂರು ತಿಂಗಳಿಗೊಮ್ಮೆ ಲೋಟದ ಅಳತೆ. 80ಕ್ಕೆ ಇಳಿದರೆ ಫೋನು ಮಾಡುವುದು. ತುದಿ ಬಿಚ್ಚುವ ಕೆಲಸವನ್ನು ಬೀಗಿತಿಯವರು ತಾವೇ ವಹಿಸಿಕೊಂಡಿದ್ದಾರೆ. ಮೊನ್ನೆ ಫೋನಿನಲ್ಲಿ ಕೇಳಿದಾಗ, ಕೆಳತುದಿಯ ಗಿಡಗಳಲ್ಲಿ ಎರಡು ಹೊಸ ಗರಿ ಹಸಿರಾಗಿಯೇ ಬಿಚ್ಚಿವೆ, ಹಳದಿಯಾದ ಹಳೆಯ ಗರಿ ಮಾತ್ರ ಹಾಗೇ ಇವೆ, ಅವು ಉದುರುವವರೆಗೆ ಹಾಗೇ ಇರುತ್ತವಂತೆ ಎಂದರು.